ಗೌರಮ್ಮ ಗೌರಿಯಾಗಬೇಕಾದರೆ

ಅಮೆರಿಕದಲ್ಲಿರುವ ಹೆಣ್ಣುಮಗಳೊಬ್ಬರು ಗ್ರೀನ್ ಕಾರ್ಡ್ ಅರ್ಜಿಗೆಂದು ತಮ್ಮ ಜನನ ಪ್ರಮಾಣಪತ್ರವನ್ನು ಇಂಗ್ಲಿಷಿಗೆ ಅನುವಾದಿಸಲು ನನಗೆ ಕಳುಹಿಸಿದ್ದರು. 1983ರ ಪತ್ರ, ಪೂರ್ತಿ ಕನ್ನಡ ಕೈಬರಹ. ಬಂದದ್ದು ಮೊಬೈಲಿನಲ್ಲಿ ತೆಗೆದ ಫೋಟೊ. ಹುಟ್ಟಿದ ತಿಂಗಳ ಮೇಲೆಯೇ ನೇರಳೆ ಮೊಹರು ಬಿದ್ದು, ಅಂಕಿ ೩ ಎಂದೂ ೬ ಎಂದೂ ಓದುವಂತಿತ್ತು.

"ಪಾಸ್‌ಪೋರ್ಟಿನಲ್ಲಿ ಜೂನ್ ಇದೆಯಲ್ಲ ಸರ್" ಎಂದರು. ಆದರೆ ನಾನು ಅನುವಾದಿಸುತ್ತಿದ್ದದ್ದು ಪಾಸ್‌ಪೋರ್ಟನ್ನಲ್ಲ. ಊರಿನಲ್ಲಿದ್ದ ಅವರ ಅಣ್ಣನಿಗೆ ಹೇಳಿ ಮೂಲಪತ್ರದ ಎರಡೂ ಬದಿಯನ್ನು ಬಣ್ಣದಲ್ಲಿ, 600 ಡಿಪಿಐಗೆ ಸ್ಕ್ಯಾನ್ ಮಾಡಿಸಿದೆ. ಮೊಹರಿನ ಅಡಿಯಿಂದ ನೀಲಿ ಶಾಯಿ ಬೇರೆಯಾಗಿ ಕಂಡಿತು, ಅಂಕಿ ೬. ಹಿಂಬದಿಯಲ್ಲಿ ತಂದೆಯ ಹೆಸರಿನ ತಿದ್ದುಪಡಿಯ ಷರಾ ಕೂಡ ಇತ್ತು. ಫೋಟೊವನ್ನೇ ನಂಬಿದ್ದರೆ ಅದು ಬಿಟ್ಟೇ ಹೋಗುತ್ತಿತ್ತು, "ಪೂರ್ಣ ಅನುವಾದ" ಎಂದು ನಾನು ಹಾಕುವ ಸಹಿ ಸುಳ್ಳಾಗುತ್ತಿತ್ತು. ಮೊಹರು, ಸಹಿ, ಷರಾ ಎಲ್ಲವನ್ನೂ ಅವು ಇರುವ ಜಾಗದಲ್ಲೇ ಚೌಕ ಆವರಣದೊಳಗೆ ಬರೆಯುತ್ತೇನೆ. ಎಷ್ಟು ಹಿಗ್ಗಿಸಿದರೂ ಓದಲಾಗದ ಒಂದು ಮೊಹರನ್ನು "ಅಸ್ಪಷ್ಟ" ಎಂದೇ ನಮೂದಿಸಿದೆ.

ಕಷ್ಟ ಬಂದದ್ದು ತಾಯಿಯ ಹೆಸರಿನಲ್ಲಿ. ಪತ್ರದಲ್ಲಿ ಗೌರಮ್ಮ, ಉಳಿದ ದಾಖಲೆಗಳಲ್ಲೆಲ್ಲ ಗೌರಿ. ಅನುವಾದದಲ್ಲಿ ಗೌರಿ ಎಂದೇ ಹಾಕಿಬಿಡಿ ಎಂದು ಕೇಳಿಕೊಂಡರು. ಕನ್ನಡದ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತ ಸಾಧ್ಯವಿದ್ದರೆ ಪಾಸ್‌ಪೋರ್ಟಿನದನ್ನು ನಾನು ಧಾರಾಳವಾಗಿ ಬಳಸುತ್ತೇನೆ. ಆದರೆ "ಅಮ್ಮ"ವನ್ನು ಅಳಿಸುವುದು ಕಾಗುಣಿತದ ಮಾತಲ್ಲ. ಅದಕ್ಕೆ ದಾರಿ ಎರಡು: ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಡಿ ನೋಂದಣಾಧಿಕಾರಿಯಿಂದ ತಿದ್ದುಪಡಿ ಮಾಡಿಸುವುದು, ಇಲ್ಲವೇ ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಕೊಡುವುದು.

ಕೊನೆಗೆ ದೃಢೀಕರಣದ ಪುಟ. ಅನುವಾದ ಪೂರ್ಣವಾಗಿದೆ, ನಿಖರವಾಗಿದೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ನನಗಿದೆ: ಅಮೆರಿಕದ ವಲಸೆ ಇಲಾಖೆಯ ನಿಯಮ ಅನುವಾದಕನಿಂದ ಕೇಳುವುದು ಇಷ್ಟನ್ನೇ. ಯಾವ ಪತ್ರದ ಅನುವಾದವೆಂದು ನೋಂದಣಿ ಸಂಖ್ಯೆಯೊಂದಿಗೆ ಬರೆದು, ಹೆಸರು, ವಿಳಾಸ, ದಿನಾಂಕ, ಸಹಿ ಹಾಕಿದೆ. ಹಿಂದೆ ಕನ್ನಡ ಪತ್ರದ ಎರಡೂ ಬದಿಯ ಪ್ರತಿಯನ್ನು ಲಗತ್ತಿಸಿದೆ. ನೋಟರಿ ಬೇಡವೇ ಎಂದು ಅವರು ಮತ್ತೆ ಮತ್ತೆ ಕೇಳಿದರು. ಈ ಅರ್ಜಿಗೆ ಬೇಡ. ನನ್ನ ಸಹಿಗೆ ನೋಟರಿ ಮೊಹರು ಹಾಕಿಸಿದರೂ ಅದು ಸಹಿ ನನ್ನದೆಂದು ಹೇಳುತ್ತದೆಯೇ ಹೊರತು ಅನುವಾದ ಸರಿಯೆಂದು ಹೇಳುವುದಿಲ್ಲ. ಬೇರೆ ದೇಶಗಳ ಮಾತು ಬೇರೆ; ಕೆಲವೆಡೆ ಅಲ್ಲಿನ ನ್ಯಾಯಾಲಯದಲ್ಲಿ ಪ್ರಮಾಣ ಸ್ವೀಕರಿಸಿದ ಅನುವಾದಕರೇ ಆಗಬೇಕು.

ಅವರು ಅಫಿಡವಿಟ್ ದಾರಿ ಹಿಡಿದರು. ತಾಯಿ ಕನ್ನಡದಲ್ಲಿ ಬರೆಸಿ ಸಹಿ ಮಾಡಿದರು. ಅದಕ್ಕೂ ಒಂದು ಅನುವಾದ, ಅದಕ್ಕೂ ಪ್ರತ್ಯೇಕ ದೃಢೀಕರಣದ ಪುಟ ಸಿದ್ಧಪಡಿಸಿದೆ.