‘ಸಾಕಷ್ಟು ಗಣನೀಯವಾಗಿ’ ಅಂದ್ರೆ ಎಷ್ಟು ಅಡಿ?

ಪುತ್ತೂರು ಕಡೆಯ ನಮ್ಮ ಊರಿನಲ್ಲಿ ನಾವು ಕೆಲವರು ಸೇರಿ ಎರಡು ವರ್ಷ ಬಾವಿಗಳ ನೀರು ಅಳೆದೆವು. ಗುಡ್ಡದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿದ್ದೆವು. ಅದರಿಂದ ಉಪಯೋಗ ಆಯಿತೋ ಇಲ್ಲವೋ ನೋಡಬೇಕಿತ್ತು. ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆದ ಮುಖ್ಯ ಪ್ಯಾರಾ ಹೀಗಿತ್ತು:

“ಇಂಗುಗುಂಡಿಗಳನ್ನು ತೋಡಿದ ನಂತರ ಬಾವಿಗಳ ನೀರಿನ ಮಟ್ಟ ಸಾಕಷ್ಟು ಗಣನೀಯವಾಗಿ ಏರಿರುವುದು ಕಂಡುಬಂದಿದೆ. ಇದು ಬಹುಮಟ್ಟಿಗೆ ಇಂಗುಗುಂಡಿಗಳ ಪರಿಣಾಮವೇ ಇರಬಹುದು ಎಂದರೆ ತಪ್ಪಾಗಲಾರದು.”

ನನಗೆ ಇದು ಚೆನ್ನಾಗಿಯೇ ಕಂಡಿತ್ತು. ಹೈಸ್ಕೂಲಿನಲ್ಲಿ ನನಗೆ ಪಾಠ ಮಾಡಿದ ಮಾಷ್ಟ್ರಿಗೆ ಕೊಟ್ಟೆ. ಅವರು ಮೊದಲ ಸಾಲಿನಲ್ಲೇ ನಿಂತರು. “ಸಾಕಷ್ಟು ಗಣನೀಯವಾಗಿ ಅಂದ್ರೆ ಎಷ್ಟು ಅಡಿ ಮಾರಾಯಾ? ಗಣನೀಯ ಅಂದ್ರೆ ಎಣಿಸತಕ್ಕದ್ದು. ನೀನು ಎಣಿಸಿ ಇಟ್ಟಿದ್ದೀಯಲ್ಲ, ಹಾಗಾದ್ರೆ ಅದನ್ನೇ ಬರಿ.”

ಮನೆಗೆ ಬಂದು ಆ ಎರಡು ಪದಗಳನ್ನು ಹೊಡೆದುಹಾಕಿದೆ. “ಬಾವಿಗಳ ನೀರಿನ ಮಟ್ಟ ಏರಿರುವುದು ಕಂಡುಬಂದಿದೆ” ಅಂತ ಉಳಿಯಿತು. ಓದಿದ ಕೂಡಲೇ ಮುಜುಗರ ಆಯಿತು, ಯಾಕಂದ್ರೆ ಅದು ಸುಳ್ಳು. ಎಲ್ಲಾ ಬಾವಿಗಳಲ್ಲೂ ಏರಿರಲಿಲ್ಲ. ‘ಸಾಕಷ್ಟು ಗಣನೀಯವಾಗಿ’ ಅನ್ನುವ ದಪ್ಪ ಮಾತಿನ ಹಿಂದೆ ಅದು ಅಡಗಿ ಕೂತಿತ್ತು. ಮಾತು ತೆಗೆದ ಮೇಲೆ ಬಯಲಾಯಿತು.

ಪುಸ್ತಕ ತೆರೆದು ಮತ್ತೆ ನೋಡಿದೆ. ಒಟ್ಟು 14 ಬಾವಿ. ಎರಡೂ ವರ್ಷ ಏಪ್ರಿಲ್ ಎರಡನೇ ವಾರದಲ್ಲಿ, ಕಟ್ಟೆಯಿಂದ ನೀರಿನವರೆಗೆ ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದದ್ದು. ಒಂದೇ ಬಾವಿಯನ್ನು ಇಬ್ಬರು ಬೇರೆ ಬೇರೆಯಾಗಿ ಅಳೆದರೆ ಅರ್ಧ ಅಡಿ ಹೆಚ್ಚುಕಮ್ಮಿ ಬರುತ್ತಿತ್ತು. ಹಾಗಾಗಿ ಅರ್ಧ ಅಡಿಯೊಳಗಿನ ವ್ಯತ್ಯಾಸವನ್ನು ನಂಬುವ ಹಾಗಿಲ್ಲ. ಕೊನೆಗೆ ಬರೆದದ್ದು ಇದು:

“14 ಬಾವಿಗಳಲ್ಲಿ 9ರ ನೀರು ಹಿಂದಿನ ಏಪ್ರಿಲ್‌ಗಿಂತ 1ರಿಂದ 4 ಅಡಿ ಮೇಲಿತ್ತು. 3ರಲ್ಲಿ ವ್ಯತ್ಯಾಸ ಅರ್ಧ ಅಡಿಯೊಳಗೆ, ಅಂದರೆ ನಮ್ಮ ಅಳತೆಯ ತಪ್ಪಿನೊಳಗೇ ಇತ್ತು. 2ರಲ್ಲಿ ನೀರು ಇಳಿದಿತ್ತು.”

‘ಕಂಡುಬಂದಿದೆ’ಯೂ ಹೋಯಿತು. ಯಾರಿಗೆ ಕಂಡಿತು? ನಾವೇ ಅಳೆದದ್ದು ಅಲ್ವಾ. ಹಾಗಾಗಿ ಪ್ಯಾರಾದ ಶುರುವಿಗೆ “ನಾವು ಅಳೆದೆವು” ಅಂತ ಸೇರಿಸಿದೆ.

ಎರಡನೇ ವಾಕ್ಯ ಜಾಸ್ತಿ ಕಾಡಿತು. ಅದರಲ್ಲಿ ‘ಬಹುಮಟ್ಟಿಗೆ’, ‘ಇರಬಹುದು’, ‘ಎಂದರೆ ತಪ್ಪಾಗಲಾರದು’ ಅಂತ ಮೂರು ಮೂರು ಅಡ್ಡಗೋಡೆ. ನಡುವೆ ‘ಪರಿಣಾಮವೇ’ ಅಂತ ಒಂದು ಒತ್ತು ಬೇರೆ! ಒಂದು ಕೈಯಲ್ಲಿ ಹಿಂದಕ್ಕೆಳೆದು ಇನ್ನೊಂದು ಕೈಯಲ್ಲಿ ಮುಂದೆ ತಳ್ಳಿದ ಹಾಗೆ. ಮೊದಲು ಮೂರನ್ನೂ ಕಿತ್ತೆಸೆದು “ಇದು ಇಂಗುಗುಂಡಿಗಳ ಪರಿಣಾಮ” ಅಂತ ಬರೆದೆ. ಓದಲು ಗಟ್ಟಿ. ಆದರೆ ಹಾಗೆ ಹೇಳಲು ನನ್ನ ಹತ್ತಿರ ಆಧಾರ ಇರಲಿಲ್ಲ.

ಆಗ ನನಗೆ ಒಂದು ವಿಷಯ ಹೊಳೆಯಿತು. ಆ ‘ಬಹುದು’ ಸುಮ್ನೆ ಬಂದದ್ದಲ್ಲ. ನನಗೆ ನಿಜವಾಗಿ ಒಂದು ಅನುಮಾನ ಇತ್ತು. ಅದು ಏನು ಅಂತ ಬಿಡಿಸಿ ಹೇಳದೆ ಅದಕ್ಕೆ ‘ಬಹುದು’ ಹೊದಿಸಿ ಮಲಗಿಸಿದ್ದೆ. ಅನುಮಾನವನ್ನು ಎಬ್ಬಿಸಿ ಕೇಳಿದೆ: ಯಾಕೆ ಖಾತ್ರಿ ಇಲ್ಲ? ಎರಡು ಉತ್ತರ ಸಿಕ್ಕಿತು. ಎರಡನೇ ವರ್ಷ ಮಾರ್ಚ್‌ನಲ್ಲಿ ಎರಡು ದೊಡ್ಡ ಮಳೆ ಬಂದಿತ್ತು, ಮೊದಲ ವರ್ಷ ಅದು ಇರಲಿಲ್ಲ. ಇನ್ನೊಂದು, ಗುಂಡಿಗಳಿಂದ ದೂರ ಇರುವ 4 ಬಾವಿಗಳಲ್ಲೂ 2 ಏರಿದ್ದವು. ಹತ್ತಿರದ 10ರಲ್ಲಿ 7 ಏರಿದ್ದವು. ಹತ್ತಿರದವು ಹೆಚ್ಚು ಏರಿದ್ದು ನಿಜ, ಆದರೆ ದೂರದವು ಬರೀ ನಾಲ್ಕು. ನಾಲ್ಕರಲ್ಲಿ ಇನ್ನೊಂದು ಏರಿದ್ದರೆ ಲೆಕ್ಕ ತಲೆಕೆಳಗಾಗುತ್ತಿತ್ತು. ಹಾಗಾಗಿ ಹೀಗೆ ಬರೆದೆ:

“ಏರಿಕೆಗೆ ಇಂಗುಗುಂಡಿಯೇ ಕಾರಣ ಎಂದು ಈ ಅಳತೆಯಿಂದ ಹೇಳಲಾಗದು. ಈ ಸಲ ಮಾರ್ಚ್‌ನಲ್ಲಿ ಎರಡು ದೊಡ್ಡ ಮಳೆ ಬಂದಿತ್ತು. ಗುಂಡಿಗಳಿಂದ ದೂರದ 4 ಬಾವಿಗಳಲ್ಲೂ 2ರ ನೀರು ಏರಿದೆ.”

ಇದರಲ್ಲಿ ಒಂದೂ ‘ಬಹುದು’ ಇಲ್ಲ. ಆದರೆ ಮೊದಲಿನದಕ್ಕಿಂತ ಹೆಚ್ಚು ಅನುಮಾನ ಇದರಲ್ಲಿದೆ. ಎಲ್ಲಿ ಅನುಮಾನ ಅಂತ ಓದುವವರಿಗೂ ಕಾಣುತ್ತದೆ.

ಆಮೇಲೆ ವರದಿಯ ಹನ್ನೊಂದೂ ಪುಟಕ್ಕೆ ಕೈ ಹಾಕಿದೆ. ಕಂಪ್ಯೂಟರಿನಲ್ಲಿ ಹುಡುಕುವುದು ಸುಲಭ ಅಂದುಕೊಂಡೆ. ‘ತುಂಬ’ ಅಂತ ಹಾಕಿದರೆ “ಬಾವಿ ತುಂಬಿತು”, “ಗುಂಡಿ ತುಂಬುವ ಮೊದಲು” ಎಲ್ಲವೂ ಬಂದು ಕೂತವು. ಬಾವಿಯ ವರದಿ ನೋಡಿ, ತುಂಬುವುದೇ ಅದರ ಕೆಲಸ! ಒಂದೇ ಏಟಿಗೆ ಎಲ್ಲಾ ಅಳಿಸುವ ಗುಂಡಿ ಒತ್ತಿದ್ದರೆ ನನ್ನ ವರದಿಯ ಬಾವಿಗಳು ಬತ್ತಿಹೋಗುತ್ತಿದ್ದವು. ಇಂಗ್ಲಿಷ್‌ನಲ್ಲಿ ‘ವೆರಿ’ ಬೇರೆ ಪದವಾಗಿ ನಿಲ್ಲುತ್ತದೆ, ಹುಡುಕಿ ತೆಗೆಯಬಹುದು. ಕನ್ನಡದಲ್ಲಿ ಅನುಮಾನ ಕ್ರಿಯಾಪದದ ಬಾಲದಲ್ಲೇ ಅಂಟಿರುತ್ತದೆ: ಬರಬಹುದು, ಬಂದೀತು, ನಮ್ಮ ಕಡೆ ‘ಬರಲಿಕ್ಕಿಲ್ಲ’. ಒಂದೊಂದನ್ನೂ ನಿಂತು ಓದದೆ ಬೇರೆ ದಾರಿ ಇಲ್ಲ.

ಅದರಲ್ಲೂ ‘ಬಹುದು’ ಎರಡು ಕೆಲಸ ಮಾಡುತ್ತದೆ. “ಆಸಕ್ತರು ನಮ್ಮ ಅಳತೆ ಪುಸ್ತಕ ನೋಡಬಹುದು” ಅನ್ನುವುದು ಅನುಮತಿ. ಅದನ್ನು ಮುಟ್ಟುವ ಹಾಗಿಲ್ಲ. “ಗುಂಡಿಯಲ್ಲಿ ಹೂಳು ತುಂಬಿದರೆ ನೀರು ಇಂಗದಿರಬಹುದು” ಅನ್ನುವುದು ಊಹೆ. ಆದರೆ ಇದು ಬೇಡದ ಊಹೆ. ಹೂಳು ತುಂಬಿದ ಎರಡು ಗುಂಡಿಗಳಲ್ಲಿ ಮಳೆ ನಿಂತ ಮರುದಿನವೂ ನೀರು ಹಾಗೇ ನಿಂತದ್ದನ್ನು ನಾನೇ ನೋಡಿದ್ದೆ. ಅದನ್ನೇ ಬರೆದೆ.

ಕಡಿಯುವ ಹುಮ್ಮಸ್ಸಿನಲ್ಲಿ ಒಂದು ತಪ್ಪೂ ಮಾಡಿದೆ. “ಮೊದಲ ಮಳೆಗೆ ಬಾವಿ ನೀರು ಕೆಡಬಹುದು, ಕುದಿಸಿ ಕುಡಿಯಿರಿ” ಅಂತ ಇದ್ದದ್ದನ್ನು “ಕೆಡುತ್ತದೆ” ಮಾಡಿದೆ. ಪಕ್ಕದ ಮನೆಯ ಅಕ್ಕ ಓದಿ, “ನಮ್ಮದು ಯಾವತ್ತೂ ಕೆಟ್ಟಿಲ್ಲ, ಹಾಗಾದ್ರೆ ನಿಮ್ಮ ಉಳಿದ ಲೆಕ್ಕ ನಂಬುವುದು ಹೇಗೆ?” ಅಂತ ಕೇಳಿದರು. ಸರಿಯಾದ ಮಾತು. ಕೆಲವು ಬಾವಿ ಕೆಡುತ್ತವೆ, ಕೆಲವು ಇಲ್ಲ, ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ಅಲ್ಲಿ ‘ಬಹುದು’ ಅನ್ನುವುದೇ ಸರಿಯಾದ ಪದ. ವಾಪಸ್ ಹಾಕಿದೆ. ‘ಸುಮಾರು’ ಪದದ್ದೂ ಅದೇ ಕಥೆ. ಬಾವಿಯ ಆಳ ಮನೆಯವರು ಬಾಯಲ್ಲಿ ಹೇಳಿದ್ದಾದರೆ “ಸುಮಾರು 40 ಅಡಿ” ಸರಿ. ಆದರೆ ಒಂದು ಕಡೆ “ಸುಮಾರು 37.5 ಅಡಿ” ಅಂತ ಬರೆದಿದ್ದೆ. ಅರೆ, ಅಳೆದದ್ದೋ ಅಂದಾಜೋ, ಒಂದನ್ನು ಹೇಳಬೇಕಲ್ಲ! ಅಳೆದ ಬಾವಿ ಅದು, ಸುಮಾರು ತೆಗೆದೆ.

ಮಾತಿನಲ್ಲಿ ಈ ಕತ್ತರಿ ಬೇಡ. “ಸ್ವಲ್ಪ ಬಾಗಿಲು ತೆಗೀರಿ” ಅಂದರೆ ಬಾಗಿಲು ಅರ್ಧ ತೆಗೆಯಿರಿ ಅಂತ ಅಲ್ಲ. ಅದು ಮರ್ಯಾದೆಯ ‘ಸ್ವಲ್ಪ’. ಅಳತೆ ಮಾಡಿಸಿಕೊಟ್ಟ ಮನೆಯವರಿಗೆ ಬರೆದ ಕಾಗದದಲ್ಲಿ “ಸ್ವಲ್ಪ ಬಿಡುವು ಮಾಡಿಕೊಂಡು ಬನ್ನಿ” ಹಾಗೇ ಇಟ್ಟೆ.

ವರದಿ ಹನ್ನೊಂದರಿಂದ ಒಂಬತ್ತು ಪುಟಕ್ಕೆ ಇಳಿಯಿತು. “ಜನರು ಅತ್ಯಂತ ಸಂತೋಷಗೊಂಡಿದ್ದಾರೆ” ಪೂರ್ತಿ ಹೋಯಿತು, ಯಾಕಂದ್ರೆ ನಾವು ಯಾರನ್ನೂ ಕೇಳಿಯೇ ಇರಲಿಲ್ಲ. ನಮ್ಮ ಗುಂಪಿನ ಒಬ್ಬರಿಗೆ ಬೇಸರವೂ ಆಯಿತು. “ಇಷ್ಟು ಕೆಲಸ ಮಾಡಿ ಗುಂಡಿಯಿಂದಲೇ ಆಯಿತು ಅಂತ ಹೇಳದಿದ್ದರೆ ಹಣ ಕೊಟ್ಟವರು ಏನಂತಾರೆ?” ಅಂದರು. ಅವರ ಭಯ ನನಗೂ ಇತ್ತು. ಆದರೂ ಊರಿನವರ ಸಭೆಯಲ್ಲಿ ಹಾಗೇ ಓದಿದೆವು.

ಸಭೆಯಲ್ಲಿ ಮೊದಲು ಬಂದ ಪ್ರಶ್ನೆ, “ಇಳಿದ ಆ ಎರಡು ಬಾವಿ ಯಾರದ್ದು?” ಹಳೆಯ ಪ್ಯಾರಾ ಇದ್ದಿದ್ದರೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ. ಹೆಸರು ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಅದರಲ್ಲಿ ಒಂದರ ಪಕ್ಕದ ತೋಟಕ್ಕೆ ಡಿಸೆಂಬರ್‌ನಲ್ಲಿ ಬೋರ್‌ವೆಲ್ ತೋಡಿಸಿದ್ದಾರೆ ಅಂದರು. ಈಗ ಆ ಬಾವಿಯನ್ನು ವಾರಕ್ಕೊಮ್ಮೆ, ಪಂಪು ಹಾಕುವ ಮೊದಲು ಒಮ್ಮೆ ಮತ್ತು ನಿಲ್ಲಿಸಿದ ಮೇಲೆ ಒಮ್ಮೆ ಅಳೆಯುತ್ತಿದ್ದೇವೆ.