ಸಾವಿರ ಬಾರ್ ಹಾಕಿದರೂ ಮೀಟರು ಸೊನ್ನೆ ತೋರಿಸಿತು

ಪ್ರೆಶರ್ ಚೇಂಬರಿನ ಗೇಜು 1000 ಬಾರ್ ಮುಟ್ಟಿತ್ತು. ಮೆಗಾಪಾಸ್ಕಲ್‌ನಲ್ಲಿ ಹೇಳುವುದಾದರೆ 100. ಒಳಗೆ ಎಣ್ಣೆಯಲ್ಲಿ ಮುಳುಗಿದ್ದ ಇಎನ್8 ಸ್ಟೀಲ್ ತುಂಡಿನ ಮೇಲೆ ಮೂರು ದಿಕ್ಕಿಗೂ ಸ್ಟ್ರೇನ್ ಗೇಜ್, ಅಂದರೆ ಲೋಹ ಎಷ್ಟು ಹಿಗ್ಗಿತು ಕುಗ್ಗಿತು ಎಂದು ಅಳೆಯುವ ತೆಳು ಹಾಳೆ, ಅಂಟಿಸಿದ್ದೆ. ಮೂರೂ ಚಾನೆಲ್ಲುಗಳು 2, 1, ಸೊನ್ನೆ ಎಂದು ತೋರಿಸುತ್ತಾ ಕೂತಿದ್ದವು. ಪಂಪ್ ಒತ್ತುತ್ತಿದ್ದ ನಮ್ಮ ಫಿಟ್ಟರ್ ಬೆವರು ಒರೆಸಿಕೊಂಡು, "ಸಾರ್, ವೈರ್ ಗೀರ್ ಕಿತ್ತೋಗಿದ್ಯಾ ನೋಡಿ" ಅಂದ. ವೈರುಗಳೆಲ್ಲ ಸರಿಯಾಗೇ ಇದ್ದವು. ತಪ್ಪು ನನ್ನದು. ಅದು ಗೊತ್ತಾಗಲು ನನಗೆ ಆ ಇಡೀ ಮಧ್ಯಾಹ್ನ ಬೇಕಾಯಿತು.

ಕೆಲಸ ಬಂದದ್ದು ಹೀಗೆ. ಗ್ರಾಹಕರೊಬ್ಬರ ಸ್ಟೀಲ್ ಬಾಡಿಯಲ್ಲಿ 30 ಮಿ.ಮೀ. ತೂತು, ಅದರೊಳಗೆ ಒಂದು ಪ್ಲಂಜರ್, ನಡುವೆ 12 ಮೈಕ್ರಾನ್ ಸಂದು. ಇಡೀ ಜೋಡಣೆ ಎಣ್ಣೆಯಲ್ಲಿ ಮುಳುಗಿ 1000 ಬಾರ್ ತಡೆದುಕೊಂಡು ಓಡಾಡಬೇಕು. "ಪ್ರೆಶರ್ ಬಿದ್ದರೆ ತೂತು ಕಿರಿದಾಗಿ ಪ್ಲಂಜರ್ ಸಿಕ್ಕಿಕೊಳ್ಳಲ್ವಾ?" ಅನ್ನುವುದು ಅವರ ಪ್ರಶ್ನೆ. ನಾನು ಕೂತಲ್ಲೇ ಪ್ರೆಶರನ್ನು, ಲೋಹ ಎಷ್ಟು ಬಿಗಿ ಎಂದು ಹೇಳುವ ಯಂಗ್ಸ್ ಮಾಡ್ಯುಲಸ್‌ನಿಂದ ಭಾಗಿಸಿದೆ. 100 ಭಾಗಿಸು 2,00,000, ಅಂದರೆ 500 ಮೈಕ್ರೋಸ್ಟ್ರೇನ್, ಹತ್ತು ಲಕ್ಷ ಭಾಗದಲ್ಲಿ 500 ಭಾಗ ಕುಗ್ಗಿದ ಹಾಗೆ. 30 ಮಿ.ಮೀ.ಗೆ 15 ಮೈಕ್ರಾನ್ ಆಯಿತು, ಸಂದಿಗಿಂತ ಜಾಸ್ತಿ. ಗಾಬರಿಯಾಗಿ, ಅಳೆದೇ ನೋಡೋಣ ಎಂದು ಚೇಂಬರ್ ಹತ್ತಿರ ಹೋದವನು ನಾನು.

ಮೊದಲು ಸೊನ್ನೆಯ ಕಥೆ ಮುಗಿಸುತ್ತೇನೆ. ಉಷ್ಣತೆಯ ಏರುಪೇರು ಲೆಕ್ಕಕ್ಕೆ ಬಾರದಿರಲಿ ಎಂದು ಸ್ಟ್ರೇನ್ ಗೇಜ್ ಕೆಲಸದಲ್ಲಿ ಒಂದು ಡಮ್ಮಿ ಇಡುವುದು ರೂಢಿ. ಅದೇ ಲೋಹದ ಇನ್ನೊಂದು ಚೂರಿಗೆ ಅದೇ ಥರದ ಗೇಜ್ ಅಂಟಿಸಿ, ಭಾರ ಬೀಳದ ಹಾಗೆ ಪಕ್ಕದಲ್ಲಿ ಇಡುತ್ತೇವೆ. ಬ್ರಿಡ್ಜ್ ಸರ್ಕ್ಯೂಟ್ ಎರಡರ ವ್ಯತ್ಯಾಸ ಮಾತ್ರ ತೋರಿಸುತ್ತದೆ. ವರ್ಷಗಟ್ಟಲೆ ಯುಟಿಎಂ, ಅಂದರೆ ಲೋಹವನ್ನು ಎಳೆದು ಒತ್ತಿ ಪರೀಕ್ಷಿಸುವ ಯಂತ್ರದ ಮೇಲೆ ಹೀಗೇ ಮಾಡಿದ ಕೈ, ಇಲ್ಲೂ ಡಮ್ಮಿಯನ್ನು ಎಣ್ಣೆಯೊಳಗೆ ತುಂಡಿನ ಪಕ್ಕದಲ್ಲೇ ಇಟ್ಟುಬಿಟ್ಟಿತು. ಆದರೆ ಎಣ್ಣೆಗೆ ಡಮ್ಮಿ ಯಾವುದು, ಅಸಲಿ ಯಾವುದು ಅಂತ ಗೊತ್ತಾ? ಎರಡನ್ನೂ ಒಂದೇ ಸಮ ಹಿಂಡಿತು. ಡಮ್ಮಿ ಚಿಕ್ಕದು, ತುಂಡು ದೊಡ್ಡದು ಅನ್ನುವುದೂ ಇಲ್ಲಿ ಲೆಕ್ಕಕ್ಕಿಲ್ಲ. ಎಲ್ಲಾ ಕಡೆಯಿಂದ ಸಮನಾದ ಪ್ರೆಶರ್ ಬಿದ್ದಾಗ ಸ್ಟ್ರೇನ್ ಗಾತ್ರವನ್ನೂ ಆಕಾರವನ್ನೂ ಕೇಳುವುದಿಲ್ಲ, ಲೋಹ ಯಾವುದು ಅಂತ ಮಾತ್ರ ಕೇಳುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಸೊನ್ನೆಯೇ.

ಡಮ್ಮಿ ತೆಗೆದುಹಾಕಿ, ಒಂದೊಂದು ಗೇಜಿಗೂ ಮೂರು ವೈರಿನ ಜೋಡಣೆ ಕೊಟ್ಟು ಮತ್ತೆ ಶುರು ಮಾಡುವ ಮುಂಚೆ, ಅದೇ ತುಂಡನ್ನು ಯುಟಿಎಂ ಮೇಲೆ ಒಂದೇ ದಿಕ್ಕಿನಲ್ಲಿ ಒತ್ತಿ ನೋಡಿದೆ. ಚೇಂಬರಿನಲ್ಲಿ ಏನು ಬರಬೇಕು ಎಂದು ಮೊದಲೇ ಗೊತ್ತಿಲ್ಲದಿದ್ದರೆ, ಬಂದದ್ದು ಸರಿಯೋ ತಪ್ಪೋ ಹೇಳುವುದು ಹೇಗೆ? ತುಂಡಿನ ಅಳತೆ 50 × 50 × 100 ಮಿ.ಮೀ. ಉದ್ದಕ್ಕೆ ನಿಲ್ಲಿಸಿ 250 ಕಿಲೋನ್ಯೂಟನ್ ಹಾಕಿದರೆ 100 ಮೆಗಾಪಾಸ್ಕಲ್ ಸ್ಟ್ರೆಸ್ ಆಗುತ್ತದೆ. ಗೇಜುಗಳನ್ನು ನಟ್ಟನಡುವೆ ಅಂಟಿಸಿದ್ದೆ. ತುದಿಯ ಹತ್ತಿರ ಪ್ಲೇಟಿನ ಘರ್ಷಣೆ ತುಂಡನ್ನು ಪಕ್ಕಕ್ಕೆ ಉಬ್ಬಲು ಬಿಡುವುದಿಲ್ಲ, ಅಲ್ಲಿನ ಓದು ನಂಬುವ ಹಾಗಿಲ್ಲ.

ಬಂದ ಅಂಕಿ: ಉದ್ದಕ್ಕೆ −486, ಎರಡು ಅಡ್ಡ ದಿಕ್ಕಿಗೆ +140 ಮತ್ತು +142 ಮೈಕ್ರೋಸ್ಟ್ರೇನ್. ಮೈನಸ್ ಅಂದರೆ ಕುಗ್ಗಿದ್ದು, ಪ್ಲಸ್ ಅಂದರೆ ಉಬ್ಬಿದ್ದು. ಇದರಿಂದ ಯಂಗ್ಸ್ ಮಾಡ್ಯುಲಸ್ ಸುಮಾರು 206 ಗಿಗಾಪಾಸ್ಕಲ್. ಅಡ್ಡಕ್ಕೆ ಉಬ್ಬಿದ್ದನ್ನು ಉದ್ದಕ್ಕೆ ಕುಗ್ಗಿದ್ದರಿಂದ ಭಾಗಿಸಿದರೆ ಬರುವ ಪಾಯ್ಸನ್ ಅನುಪಾತ 0.29.

ಈಗ ಮೂರು ದಿಕ್ಕಿಗೂ ಹೂಡುವ ಸೂತ್ರ. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಈ ಟೇಬಲ್ ಹತ್ತಿರ. ಇದರಲ್ಲಿ ε ಅಂದರೆ ಸ್ಟ್ರೇನ್, σ ಅಂದರೆ ಸ್ಟ್ರೆಸ್, E ಯಂಗ್ಸ್ ಮಾಡ್ಯುಲಸ್, ν ಪಾಯ್ಸನ್ ಅನುಪಾತ.

```
εx = [σx − ν(σy + σz)] / E
εy = [σy − ν(σz + σx)] / E
εz = [σz − ν(σx + σy)] / E
```

ಒಂದು ಸಾಲು ಓದೋಣ. X ದಿಕ್ಕಿನಲ್ಲಿ ಒತ್ತಿದರೆ ಆ ದಿಕ್ಕಿಗೆ ಕುಗ್ಗುತ್ತದೆ, ಅದು ಮೊದಲ ಪದ. ಆದರೆ Y ದಿಕ್ಕಿನಲ್ಲಿ ಒತ್ತಿದವನು X ದಿಕ್ಕಿಗೆ ಉಬ್ಬಿಸುತ್ತಾನೆ, Z ದಿಕ್ಕಿನಲ್ಲಿ ಒತ್ತಿದವನೂ ಅಷ್ಟೇ. ಒಟ್ಟಿನಲ್ಲಿ ಪ್ರತಿ ದಿಕ್ಕಿಗೂ ಒಬ್ಬ ಕುಗ್ಗಿಸುವವನು, ಇಬ್ಬರು ಉಬ್ಬಿಸುವವರು. ನಾನು ಮೊದಲು ಲೆಕ್ಕ ಹಾಕಿದ 500ರಲ್ಲಿ ಆ ಇಬ್ಬರನ್ನು ಪೂರ್ತಿ ಮರೆತಿದ್ದೆ. (ಕನ್ನಡದಲ್ಲಿ ಪ್ರೆಶರಿಗೂ ಸ್ಟ್ರೆಸ್ಸಿಗೂ "ಒತ್ತಡ" ಅನ್ನುತ್ತೇವಲ್ಲ, ಗೊಂದಲಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನುಮಾನ. ಹಾಗಾಗಿ ಇಲ್ಲಿ ಆ ಪದದ ಹತ್ತಿರವೇ ಹೋಗಿಲ್ಲ.)

ಚೇಂಬರಿನಲ್ಲಿ ಮೂರೂ ಸ್ಟ್ರೆಸ್ −100. ಆದ್ದರಿಂದ ಪ್ರತಿ ದಿಕ್ಕಿಗೂ ಬರಬೇಕಾದದ್ದು −486 + 140 + 142, ಅಂದರೆ −204. ಇದರ ಸೊಗಸು ನೋಡಿ: ಯುಟಿಎಂ ಮೇಲಿನ ಮೂರು ಓದುಗಳನ್ನು ಕೂಡಿದರೆ ಬರುವ ಮೊತ್ತವೇ ಚೇಂಬರಿನಲ್ಲಿ ಒಂದೊಂದು ಗೇಜೂ ತೋರಿಸಬೇಕಾದ ಅಂಕಿ. ಸೂತ್ರವೇ ಬೇಕಿಲ್ಲ, ಕೂಡಿದರೆ ಸಾಕು.

ಮತ್ತೆ ಪಂಪ್ ಒತ್ತಿದೆವು. X ಗೇಜ್ −203, Z ಗೇಜ್ −201. Y ಮಾತ್ರ −157. ಸ್ಟೀಲು ಒಂದು ದಿಕ್ಕಿಗೆ ಗಟ್ಟಿಯಾಗಿದೆಯೇನೋ ಎಂದು ಒಂದು ಕ್ಷಣ ಅನ್ನಿಸಿತು. ಪ್ರೆಶರ್ ಪೂರ್ತಿ ಬಿಟ್ಟು ನೋಡಿದರೆ X, Z ಸೊನ್ನೆಗೆ ಬಂದವು, Y +40ರಲ್ಲೇ ನಿಂತಿತು. ಸ್ಟೀಲು ಈ ಪ್ರೆಶರಿಗೆ ಶಾಶ್ವತವಾಗಿ ಬಾಗುವ ಮಾತೇ ಇಲ್ಲ. ಮೂರೂ ಸ್ಟ್ರೆಸ್ ಸಮನಾಗಿದ್ದರೆ ಲೋಹದ ಪದರಗಳನ್ನು ಒಂದರ ಮೇಲೊಂದು ಜಾರಿಸುವ ಶಿಯರ್ ಒಳಗೆ ಇರುವುದಿಲ್ಲ, ಶಿಯರ್ ಇಲ್ಲದೆ ಯೀಲ್ಡ್, ಅಂದರೆ ಶಾಶ್ವತವಾಗಿ ಆಕಾರ ಬದಲಾಗುವುದು ಇಲ್ಲ. ಹಾಗಾದರೆ ಗೇಜೇ ಕೆಟ್ಟಿರಬೇಕು. ಕಿತ್ತು ಭೂತಗನ್ನಡಿಯಲ್ಲಿ ನೋಡಿದಾಗ ಗ್ರಿಡ್ಡಿನ ಕೆಳಗೆ ಗಮ್ಮಿನಲ್ಲಿ ಸಾಸಿವೆಯ ಅರ್ಧದಷ್ಟು ಗಾಳಿಗುಳ್ಳೆ. ಎಣ್ಣೆಯ ಪ್ರೆಶರು ಗೇಜಿನ ಹಾಳೆಯನ್ನು ಆ ಗುಳ್ಳೆಯೊಳಗೆ ಅದುಮಿ ಹಿಗ್ಗಿಸಿ ಕುಳಿ ಮಾಡಿತ್ತು. ಗಾಳಿಯಲ್ಲಿ ಮಾಡುವ ಪರೀಕ್ಷೆಯಲ್ಲಿ ಇಂಥ ಗುಳ್ಳೆ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ, ಇಲ್ಲಿ ಬಿಡುವುದಿಲ್ಲ. ಹೊಸ ಗೇಜ್ ಅಂಟಿಸಿದ ಮೇಲೆ Y −206 ಕೊಟ್ಟಿತು, ಬಿಟ್ಟಾಗ ಸೊನ್ನೆಗೆ ಬಂತು. ಅಲ್ಲಿಂದೀಚೆಗೆ ಮೊದಲ ಸಲ ಏರಿಸಿ ಇಳಿಸಿದ್ದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಸೊನ್ನೆಗೆ ಮರಳಿತೋ ಇಲ್ಲವೋ ಅಷ್ಟು ನೋಡುತ್ತೇನೆ.

ಉಷ್ಣತೆಯ ವಿಷಯವನ್ನೂ ಹೇಳಬೇಕು, ಡಮ್ಮಿ ತೆಗೆದ ಮೇಲೆ ಅದರ ಜವಾಬ್ದಾರಿ ನಮ್ಮದೇ. ಹಿಂಡಿದ ಎಣ್ಣೆ ಬಿಸಿಯಾಗುತ್ತದೆ. ನಮ್ಮ ಚೇಂಬರಿನಲ್ಲಿ 4 ಡಿಗ್ರಿಯಷ್ಟು ಏರಿತು. ಸ್ಟೀಲು ಡಿಗ್ರಿಗೆ 11ರಿಂದ 12 ಮೈಕ್ರೋಸ್ಟ್ರೇನ್ ಹಿಗ್ಗುವ ವಸ್ತು, ಅಂದರೆ 204ರ ಮುಂದೆ 45ರಷ್ಟು ಸುಳ್ಳು ಸೇರಬಹುದು. ಸ್ಟೀಲಿಗೆ ಹೊಂದಿಸಿ ಮಾಡಿದ ಗೇಜ್ ಬಳಸಿದ್ದರಿಂದ ಬಹುಪಾಲು ತಾನಾಗಿ ಕಳೆಯಿತು. ಉಳಿದದ್ದಕ್ಕೆ 20 ನಿಮಿಷ ಸುಮ್ಮನೆ ಕೂತೆವು. ಎಣ್ಣೆ ತಣಿದಂತೆ ಪ್ರೆಶರೂ ಇಳಿಯುತ್ತದೆ, ಆಗಾಗ ಒಂದು ಒತ್ತು ಕೊಟ್ಟು 1000ಕ್ಕೆ ತಂದು, ಉಷ್ಣತೆ ಅಳೆಯುವ ಥರ್ಮೋಕಪಲ್ಲಿನ ಅಂಕಿ ಸ್ಥಿರವಾದ ಮೇಲೆ ಓದು ಬರೆದುಕೊಂಡೆ.

ಮೂರನ್ನೂ ಕೂಡಿದರೆ ವಾಲ್ಯೂಮೆಟ್ರಿಕ್ ಸ್ಟ್ರೇನ್: 203 + 206 + 201 = 610 ಮೈಕ್ರೋಸ್ಟ್ರೇನ್. ತುಂಡಿನ ಗಾತ್ರ 250 ಸಿಸಿ, ಅದರಲ್ಲಿ ಕಡಿಮೆಯಾದದ್ದು 0.15 ಸಿಸಿ, ಅಂದರೆ ಮೂರು ಹನಿ ನೀರು. ಪ್ರೆಶರನ್ನು ಇದರಿಂದ ಭಾಗಿಸಿದರೆ ಬಲ್ಕ್ ಮಾಡ್ಯುಲಸ್.

```
K = p / εv = 100 / 0.000610 ≈ 164000 MPa = 164 GPa
K = E / [3(1 − 2ν)] = 206 / [3 × 0.42] ≈ 163 GPa
```

ಎರಡೂ ದಾರಿ ಒಂದೇ ಊರಿಗೆ ಬಂದವು. ಆದರೂ ನನಗೆ ಮೊದಲನೆಯದರ ಮೇಲೆ ನಂಬಿಕೆ ಹೆಚ್ಚು. ಎರಡನೆಯದರಲ್ಲಿ ಪಾಯ್ಸನ್ ಅನುಪಾತವನ್ನು 0.29ರ ಬದಲು 0.30 ಅಂತ ಇಟ್ಟುಕೊಂಡರೆ K ಒಮ್ಮೆಲೇ 172 ಆಗುತ್ತದೆ. ಬರೀ 0.01ರ ಹೆಚ್ಚುಕಮ್ಮಿಗೆ ಉತ್ತರ ಶೇಕಡ 5ರಷ್ಟು ಹಾರುತ್ತದೆ. ಪುಸ್ತಕದ ಅನುಪಾತ ಹಿಡಿದು K ತೆಗೆಯುವವರು ಇದನ್ನು ಗಮನಿಸಿದರೆ ಒಳ್ಳೆಯದು.

ನಮ್ಮ ಫಿಟ್ಟರ್ ಒಂದು ಜಾಣ ಪ್ರಶ್ನೆ ಕೇಳಿದ. "ಗೇಜ್ ಯಾಕೆ ಸಾರ್, ಪಂಪಲ್ಲಿ ಎಷ್ಟು ಎಣ್ಣೆ ಹೆಚ್ಚಿಗೆ ಹೋಯ್ತು ಅಂತ ನೋಡಿದ್ರೆ ಸಾಲ್ದಾ?" ಸಾಲುವುದಿಲ್ಲ. ಎಣ್ಣೆ ಸ್ಟೀಲಿಗಿಂತ ಸುಮಾರು ನೂರು ಪಟ್ಟು ಮೆತ್ತಗೆ. ಚೇಂಬರಿನಲ್ಲಿದ್ದ 5 ಲೀಟರ್ ಎಣ್ಣೆಯೇ 1000 ಬಾರಿಗೆ ಇನ್ನೂರು ಮುನ್ನೂರು ಸಿಸಿ ಕುಗ್ಗುತ್ತದೆ, ಚೇಂಬರಿನ ಗೋಡೆ ಬೇರೆ ಹಿಗ್ಗುತ್ತದೆ. ಅದರ ನಡುವೆ 0.15 ಸಿಸಿ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಚೇಂಬರ್ ಸಿಕ್ಕಿದ್ದಾಗಲೇ ಇನ್ನೊಂದು ಆಟವನ್ನೂ ಮುಗಿಸಿಕೊಂಡೆ. ಅದೇ ಸ್ಟೀಲಿನ ಒಂದು ರಾಡನ್ನು ಚೇಂಬರಿನ ಎರಡೂ ಮುಚ್ಚಳದ ಸೀಲುಗಳಿಂದ ಹೊರಗೆ ಬರುವ ಹಾಗೆ ಕೂರಿಸಿದೆ. ಈಗ ಪ್ರೆಶರ್ ಸುತ್ತಲಿಂದ ಮಾತ್ರ, ತುದಿಗಳು ಗಾಳಿಯಲ್ಲಿ. ಸೂತ್ರದಲ್ಲಿ σz ಸೊನ್ನೆ. ಅಡ್ಡಕ್ಕೆ −345, ಉದ್ದಕ್ಕೆ +282 ಬರಬೇಕು. ಉದ್ದದ ಗೇಜ್ +279 ಕೊಟ್ಟಿತು! ಯಾರೂ ಎಳೆಯದೆ ರಾಡು ಉದ್ದವಾಗಿತ್ತು. ಹೆಚ್ಚಿನ ಪ್ರೆಶರಿನ ಭೌತಶಾಸ್ತ್ರಕ್ಕೆ 1946ರ ನೊಬೆಲ್ ಪಡೆದ ಪರ್ಸಿ ಬ್ರಿಜ್‌ಮನ್ ಇಂಥದೇ ಜೋಡಣೆಯಲ್ಲಿ ಪ್ರೆಶರ್ ಏರಿಸುತ್ತಾ ಹೋಗಿ, ರಾಡುಗಳು ಎಳೆದು ಕಿತ್ತ ಹಾಗೆ ತುಂಡಾಗುವುದನ್ನು ಕಂಡಿದ್ದರು. ಮುಳುಗಿಸಿದ ತುಂಡಿಗೆ ಏನೂ ಮಾಡದ ಪ್ರೆಶರು ಎರಡು ತುದಿ ಹೊರಗಿಟ್ಟ ಮಾತ್ರಕ್ಕೆ ರಾಡನ್ನು ಮುರಿಯಬಲ್ಲದು, ಇಲ್ಲಿ ಶಿಯರ್ ಇದೆ.

ಇನ್ನು ಗ್ರಾಹಕರ ತೂತು. ಒಳಗೂ ಹೊರಗೂ ಅದೇ ಪ್ರೆಶರಿನ ಎಣ್ಣೆ ಇದ್ದರೆ, ತೂತಿನ ಜಾಗದಲ್ಲಿ ಸ್ಟೀಲೇ ತುಂಬಿದ್ದರೆ ಎಷ್ಟು ಕುಗ್ಗುತ್ತಿತ್ತೋ ಅಷ್ಟೇ ತೂತೂ ಕುಗ್ಗುತ್ತದೆ. 30 ಮಿ.ಮೀ.ಗೆ 6 ಮೈಕ್ರಾನ್. ಸ್ಟೀಲ್ ಪ್ಲಂಜರೂ ಅದೇ 6 ಮೈಕ್ರಾನ್ ಕುಗ್ಗುತ್ತದೆ, ಸಂದು 12ರಲ್ಲೇ ಉಳಿಯುತ್ತದೆ. ಇದನ್ನು ಫೋನಿನಲ್ಲಿ ಹೇಳಿದಾಗ ಅವರು, "ಪ್ಲಂಜರ್ ಫಾಸ್ಫರ್ ಬ್ರಾಂಜ್‌ದು, ಹೇಳಿರ್ಲಿಲ್ವಾ?" ಅಂದರು. ಹೇಳಿರಲಿಲ್ಲ. ಯಂಗ್ಸ್ ಮಾಡ್ಯುಲಸ್ 110, ಪಾಯ್ಸನ್ ಅನುಪಾತ 0.34 ಇಟ್ಟುಕೊಂಡರೆ ಬ್ರಾಂಜ್ ಸುಮಾರು 290 ಮೈಕ್ರೋಸ್ಟ್ರೇನ್ ಕುಗ್ಗುತ್ತದೆ, ಅಂದರೆ 9 ಮೈಕ್ರಾನಿಗೆ ಸ್ವಲ್ಪ ಕಡಿಮೆ. ಸಂದು ಕಿರಿದಾಗುವ ಬದಲು 15ರ ಹತ್ತಿರಕ್ಕೆ ಹೋಗುತ್ತದೆ. ಪ್ಲಂಜರ್ ಸಿಕ್ಕಿಕೊಳ್ಳುವ ಭಯ ಹೋಗಿ, ಸೋರಿಕೆ ಎಷ್ಟಾಗಬಹುದು ಎಂಬ ಲೆಕ್ಕ ಶುರುವಾಯಿತು.