ಔಷಧಿ ಚೀಟಿಯ ಸ್ಕ್ರೀನ್‌ಶಾಟ್ ಓದುವುದು ಹೇಗೆ: ಪುಣೆಗೆ ಹೊಸದಾಗಿ ಬಂದವರಿಗೆ

ಹೊಸ ಊರಿನ ನೀರು, ಹವೆ ಒಗ್ಗುವ ಮೊದಲೇ ಮನೆಯಲ್ಲಿ ಯಾರಿಗಾದರೂ ಗಂಟಲು ಕೆಡುತ್ತದೆ. ಇಲ್ಲಿ ಪರಿಚಯದ ಡಾಕ್ಟರ್ ಇನ್ನೂ ಸಿಕ್ಕಿರುವುದಿಲ್ಲ. ಹಾಗಾಗಿ ಊರಿನ ಡಾಕ್ಟರಿಗೇ ವಿಡಿಯೋ ಕಾಲ್ ಮಾಡುತ್ತೀರಿ, ಅವರು ವಾಟ್ಸಾಪ್‌ನಲ್ಲಿ ಚೀಟಿ ಕಳಿಸುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಸಹಿ ಮಾಡಿದ ಚೀಟಿಯ ಫೋಟೋವನ್ನು ಹೀಗೆ ಮೆಸೇಜ್‌ನಲ್ಲಿ ಕಳಿಸಲು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಅವಕಾಶವಿದೆ. ತೊಡಕು ಶುರುವಾಗುವುದು ಆಮೇಲೆ. ಊರಲ್ಲಾದರೆ ಮೆಡಿಕಲ್ ಶಾಪ್‌ನವರು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ಮರಾಠಿಯಲ್ಲಿ ಬೇಗ ಬೇಗ ಹೇಳಿ ಕವರ್ ಕೈಗಿಡುತ್ತಾರೆ. ಮನೆಗೆ ಬಂದ ಮೇಲೆ ನಿಮ್ಮ ಹತ್ತಿರ ಉಳಿಯುವುದು ಈ ಥರದ ನಾಲ್ಕು ಸಾಲು:

```
1. Tab. Amoxyclav 625       1-0-1   PC    x 5/7
2. Tab. Pantoprazole 40     1-0-0   BBF   x 5/7
3. Tab. Levocetirizine 5    0-0-1   HS    x 5/7
4. Tab. Paracetamol 650     SOS (max 3/day)
```

ಇದು ಓದುವುದನ್ನು ತೋರಿಸಲು ನಾವು ಬರೆದ ಚೀಟಿ. ಇದನ್ನು ನೋಡಿಕೊಂಡು ಯಾರೂ ಮಾತ್ರೆ ಕೊಳ್ಳಬೇಡಿ.

ಮೊದಲ ಸಾಲು ನೋಡೋಣ. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಮೂರು ಜಾಗ, ಮೂರು ಹೊತ್ತು. ಕೆಲವರು ಇದನ್ನೇ BD ಎಂದು ಬರೆಯುತ್ತಾರೆ. ದಿನಕ್ಕೆ ಮೂರು ಸಲವಾದರೆ TDS. ಒಂದೇ ಸಲವಾದರೆ OD, ಆದರೆ ಯಾವ ಹೊತ್ತಿಗೆ ಎಂದು ಅದು ಹೇಳುವುದಿಲ್ಲ, ಕೇಳಿಕೊಳ್ಳಲೇಬೇಕು. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಮಾತ್ರ OD ಅಂದರೆ ಬಲಗಣ್ಣು.

ಕೊನೆಯಲ್ಲಿರುವ 5/7 ನೋಡಿ ಹಲವರು ಐದರಿಂದ ಏಳು ದಿನ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಕೆಳಗಿನ 7 ಅಂದರೆ ವಾರದ ಏಳು ದಿನ, ಅಂದರೆ ಇಲ್ಲಿ ಎಣಿಸುತ್ತಿರುವುದು ದಿನಗಳನ್ನು. ಮೇಲಿನ 5 ಅಂದರೆ ಐದು ದಿನ. ಹಾಗೆಯೇ 2/52 ಅಂದರೆ ಎರಡು ವಾರ, 1/12 ಅಂದರೆ ಒಂದು ತಿಂಗಳು. ಹಳೆಯ ತಲೆಮಾರಿನ ಡಾಕ್ಟರುಗಳು ಈಗಲೂ ಹೀಗೆ ಬರೆಯುತ್ತಾರೆ.

ಇನ್ನು ಲೆಕ್ಕ. ದಿನಕ್ಕೆ ಎರಡು, ಐದು ದಿನ, ಒಟ್ಟು ಹತ್ತು ಮಾತ್ರೆ. ಸೋಮವಾರ ಸಂಜೆ ತಂದು ರಾತ್ರಿ ಊಟಕ್ಕೆ ಶುರು ಮಾಡಿದರೆ ಶುಕ್ರವಾರ ರಾತ್ರಿಗೆ ಒಂಬತ್ತೇ ಆಗಿರುತ್ತದೆ. ಹತ್ತನೆಯದು ಶನಿವಾರ ಬೆಳಿಗ್ಗೆಗೆ. ಆದ್ದರಿಂದ ತಾರೀಖು ನೋಡಬೇಡಿ, ಮಾತ್ರೆ ಎಣಿಸಿ. ಅಂಗಡಿಯವರು ಕತ್ತರಿಸದೆ ಇಡೀ ಸ್ಟ್ರಿಪ್ ಕೊಟ್ಟರೆ ಹೆಚ್ಚಿನ ಮಾತ್ರೆ ಉಳಿಯುತ್ತದೆ. ಸ್ಟ್ರಿಪ್ ಮುಗಿಯುವವರೆಗೂ ನುಂಗಬೇಕು ಎಂದಲ್ಲ. ಕಮ್ಮಿ ಬಂದಿದ್ದರೆ ಅಂಗಡಿಯಲ್ಲೇ ನಿಂತು ಕೇಳಿ.

PC ಅಂದರೆ ಊಟದ ನಂತರ, AC ಅಂದರೆ ಊಟಕ್ಕೆ ಮೊದಲು. ಮೊದಲ ಸಾಲಿನ ಮಾತ್ರೆಯನ್ನು ಊಟ ಶುರುಮಾಡುವ ಹೊತ್ತಿಗೆ ಅಥವಾ ಉಂಡ ಕೂಡಲೇ ತಗೊಂಡರೆ ಹೊಟ್ಟೆ ಕೆಡುವುದು ಕಮ್ಮಿ. ಉಂಡು ಎರಡು ಗಂಟೆ ಬಿಟ್ಟು ನುಂಗುವುದಕ್ಕೆ PC ಅನ್ನುವುದಿಲ್ಲ. ಎರಡನೇ ಸಾಲಿನ BBF ಅಂದರೆ ಬೆಳಗಿನ ತಿಂಡಿಗೆ ಮೊದಲು. ಆಸಿಡ್ ತಗ್ಗಿಸುವ ಈ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ತಗೋಬೇಕು. ಹೊಟ್ಟೆಗೆ ಆಹಾರ ಬಿದ್ದಾಗ ಆಸಿಡ್ ಹೆಚ್ಚು ಬರುತ್ತದೆ. ಅಷ್ಟರೊಳಗೆ ಔಷಧಿ ರಕ್ತಕ್ಕೆ ಸೇರಿರಬೇಕು. ದೋಸೆ ತಿಂದ ಮೇಲೆ ನೆನಪಾಗಿ ನುಂಗಿದರೆ ಅದರ ಕೆಲಸ ಅರೆಬರೆ.

ನಮ್ಮ ಮನೆಗಳಲ್ಲಿ ಇನ್ನೊಂದು ವಿಷಯ ಇದೆ, ಕಾಫಿ. ಎದ್ದ ತಕ್ಷಣ ಫಿಲ್ಟರ್ ಕಾಫಿ ಕುಡಿದು, ಏನೂ ತಿಂದಿಲ್ಲವಲ್ಲ ಎಂದು ಥೈರಾಯ್ಡ್ ಮಾತ್ರೆ ನುಂಗುವವರು ಎಷ್ಟೋ ಜನ. ಅದು ಖಾಲಿ ಹೊಟ್ಟೆ ಅಲ್ಲ. ಕಾಫಿ ಆ ಮಾತ್ರೆ ಮೈಗೆ ಸೇರುವುದನ್ನು ತಡೆಯುತ್ತದೆ. ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ.

ಮೂರನೇ ಸಾಲಿನ HS ಅಂದರೆ ಮಲಗುವಾಗ. ಅಲರ್ಜಿಯ ಈ ಮಾತ್ರೆ ತೂಕಡಿಕೆ ತರುತ್ತದೆ, ಅದಕ್ಕೇ ರಾತ್ರಿಗೆ ಇಟ್ಟಿದ್ದಾರೆ.

SOS ನೋಡಿ ಗಾಬರಿ ಬೀಳಬೇಡಿ. ಬೇಕಾದರೆ ಮಾತ್ರ ತಗೊಳ್ಳಿ ಎಂದು ಅರ್ಥ, ಜ್ವರವೋ ನೋವೋ ಇದ್ದಾಗ. ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ ಎಂದು ಪಕ್ಕದಲ್ಲೇ ಬರೆದಿದ್ದಾರೆ. ಎರಡು ಮಾತ್ರೆಯ ನಡುವೆ ಆರು ಗಂಟೆ ಬಿಡಿ. ಅಂಗಡಿಯಲ್ಲಿ ಸುಮ್ನೆ ಕೇಳಿ ತರುವ ಶೀತದ ಮಾತ್ರೆಗಳಲ್ಲೂ ಅನೇಕ ಸಲ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಸೇರಿದರೆ ಲೆಕ್ಕ ಮೀರುತ್ತದೆ. ಅದಕ್ಕೇ ಸ್ಟ್ರಿಪ್ ಹಿಂಭಾಗ ಓದಿ.

ಸ್ಕ್ರೀನ್‌ಶಾಟ್ ಎಂಬುದಕ್ಕೇ ಒಂದು ದೋಷವಿದೆ: ಬಲತುದಿ ಕತ್ತರಿಸಿ ಹೋಗುತ್ತದೆ. ಎಷ್ಟು ದಿನ ಎಂಬುದು ಇರುವುದೂ ಆ ತುದಿಯಲ್ಲೇ. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಅತ್ತೆಗೆ ಮಂಡಿನೋವು. ಡಾಕ್ಟರು ಕಳಿಸಿದ ಚೀಟಿಯನ್ನು ನಾದಿನಿ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದಳು. ನನಗೆ ಕಂಡದ್ದು ಇಷ್ಟು:

```
Cap. Vit D3 60K   0-0-1   PC
```

ರಾತ್ರಿ ಊಟದ ನಂತರ ಒಂದು, ಸರಿ ಎಂದುಕೊಂಡೆ. ನಾಲ್ಕನೇ ರಾತ್ರಿ ಕೊಡಲು ಹೋದಾಗ ಸ್ಟ್ರಿಪ್‌ನಲ್ಲಿ ಇದ್ದದ್ದು ಕೊನೆಯ ಕ್ಯಾಪ್ಸೂಲ್. ನಾಲ್ಕೇ ಇರುವ ಸ್ಟ್ರಿಪ್ ಯಾಕೆ ಎಂದು ಆಗ ಅನುಮಾನ ಬಂತು. ಮೂಲ ಚೀಟಿ ತರಿಸಿ ನೋಡಿದರೆ ಬಲತುದಿಯಲ್ಲಿ `once a week x 8` ಎಂದಿತ್ತು. ವಾರಕ್ಕೊಂದು, ಎಂಟು ವಾರ! ಮೂರು ವಾರದ್ದು ಮೂರೇ ದಿನಕ್ಕೆ ಕೊಟ್ಟಿದ್ದೆ. ಅಂದೇ ಡಾಕ್ಟರಿಗೆ ಫೋನ್ ಮಾಡಿದೆ. ಸದ್ಯಕ್ಕೆ ನಿಲ್ಲಿಸಿ, ಮತ್ತೆ ಯಾವಾಗ ಶುರು ಮಾಡಬೇಕು ಎಂದು ನಾನೇ ಹೇಳುತ್ತೇನೆ ಅಂದರು. ಅತ್ತೆಗೆ ಏನೂ ಆಗಲಿಲ್ಲ. ಆದರೆ ಇದೇ ತಪ್ಪು ವಾರಗಟ್ಟಲೆ ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆಯಾಗುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಕೂಡ ವಾರಕ್ಕೊಮ್ಮೆಯ ಮಾತ್ರೆ. ಅದನ್ನು ದಿನಾ ತಗೊಂಡರೆ ಜೀವಕ್ಕೇ ಅಪಾಯ.

ಹಾಗಾಗಿ ಚೀಟಿಯ ನಾಲ್ಕೂ ಅಂಚು, ರೋಗಿಯ ಹೆಸರು, ತಾರೀಖು, ಸಹಿ ಕಾಣುತ್ತಿದೆಯೇ ನೋಡಿ. ಒಂದು ಕಾಣದಿದ್ದರೂ ಸ್ಕ್ರೀನ್‌ಶಾಟ್ ಬೇಡ, ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಅಕ್ಷರ ಮಸುಕಾಗುವುದಿಲ್ಲ. 1-0-1 ಇದೆಯೋ 1-1-1 ಇದೆಯೋ ತಿಳಿಯದಿದ್ದರೆ ಊಹಿಸಬೇಡಿ. ಆ ಸಾಲಿಗೆ ಮಾತ್ರ ಸುತ್ತು ಹಾಕಿ ಡಾಕ್ಟರಿಗೆ ವಾಪಸ್ ಕಳಿಸಿ ಕೇಳಿ.

ಇಲ್ಲಿನ ಅಂಗಡಿಯಲ್ಲಿ ಕಿವಿಗೆ ಬೀಳುವ ಮಾತುಗಳು ಹೆಚ್ಚೇನಿಲ್ಲ. ಸಕಾಳಿ, ದುಪಾರಿ, ರಾತ್ರಿ ಎಂದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಜೇವಣಾನಂತರ ಎಂದರೆ ಊಟ ಆದ ಮೇಲೆ. ಉಪಾಶಿ ಪೋಟಿ ಎಂದರೆ ಖಾಲಿ ಹೊಟ್ಟೆಯಲ್ಲಿ, ಉಪವಾಸ ಇರಿ ಎಂದಲ್ಲ. ಇನ್ನೊಂದು ಮಾತು ಮಾತ್ರ ಚೆನ್ನಾಗಿ ನೆನಪಿಡಿ: ಆಠವಡ್ಯಾತೂನ್ ಏಕದಾ. ಮರಾಠಿಯಲ್ಲಿ ಆಠ ಅಂದರೆ ಎಂಟು. ಹೊಸಬರ ಕಿವಿಗೆ ಅಷ್ಟೇ ಬಿದ್ದು ಎಂಟು ದಿನ ದಿನಾ ಒಂದು ಎಂದುಕೊಳ್ಳುವ ಸಾಧ್ಯತೆ ಇದೆ. ಆಠವಡಾ ಅಂದರೆ ವಾರ. ಆ ಮಾತಿಗೆ ಅರ್ಥ ವಾರಕ್ಕೊಮ್ಮೆ. ಅದು ಕೇಳಿಸಿದ ಕೂಡಲೇ ಪೆನ್ನು ಕೊಟ್ಟು ವಾರದ ಯಾವ ದಿನ ಎಂದು ಸ್ಟ್ರಿಪ್ ಮೇಲೇ ಬರೆಸಿಕೊಳ್ಳಿ.